n/2^n ಮೊತ್ತ 4 ಬಂತಾ? ಒಂದು x ಬಿಟ್ಟುಹೋಗಿದೆ

ಪ್ರಶ್ನೆ: n/2^n ಶ್ರೇಢಿಯ ಮೊತ್ತ ಬೇಕಿತ್ತು. ಗುಣೋತ್ತರ ಶ್ರೇಢಿಯನ್ನು ಅವಕಲನ ಮಾಡಿ x = 1/2 ಹಾಕು ಅಂದರು. ಹಾಗೇ ಮಾಡಿದೆ, 4 ಬಂತು. ಪುಸ್ತಕದಲ್ಲಿ 2 ಅಂತಿದೆ. ಎಲ್ಲಿ ತಪ್ಪಿದೆ ಸರ್? ಅನಂತ ಪದಗಳನ್ನು ಹಾಗೆ ಒಂದೊಂದಾಗಿ ಅವಕಲನ ಮಾಡಬಹುದಾ? n ಮೇಲಿರದೆ ಕೆಳಗಿದ್ದರೆ ಏನು ಮಾಡೋದು?

ಉತ್ತರ: ನಿಮ್ಮ 4 ತಪ್ಪು ಲೆಕ್ಕವಲ್ಲ, ಅದು ಪಕ್ಕದ ಶ್ರೇಢಿಯ ಸರಿಯಾದ ಉತ್ತರ. ಎಲ್ಲಿ ದಾರಿ ತಪ್ಪಿತು ಅಂತ ನೋಡೋಣ. ನಾವು ಹೊರಡೋದು ಇಲ್ಲಿಂದ:

1 + x + x^2 + x^3 + ... = 1/(1 - x)

ಇದು x ನ ಬೆಲೆ -1 ಮತ್ತು 1 ರ ನಡುವೆ ಇದ್ದಾಗ ಮಾತ್ರ ನಿಜ. ಈಗ ಎರಡೂ ಕಡೆ ಅವಕಲನ ಮಾಡಿ. ಎಡಗಡೆ x^n ಇದ್ದದ್ದು n x^(n-1) ಆಗುತ್ತದೆ. ನಮಗೆ ಬೇಕಾಗಿದ್ದ n ಘಾತದಿಂದ ಕೆಳಗಿಳಿದು ಬಂತು, ಇಡೀ ಉಪಾಯ ಇರೋದೇ ಇಷ್ಟರಲ್ಲಿ. ಆದರೆ ಅದು ಬರುವಾಗ ಘಾತವನ್ನು ಒಂದು ಕಡಿಮೆ ಮಾಡಿ ಬರುತ್ತದೆ, ಅಲ್ವಾ?

1 + 2x + 3x^2 + 4x^3 + ... = 1/(1 - x)^2

ಇಲ್ಲಿ x = 1/2 ಹಾಕಿದರೆ ಬಲಗಡೆ 4. ಎಡಗಡೆ ಏನಿದೆ ಅಂತ ಒಮ್ಮೆ ಬರೆದು ನೋಡಿ: 1 + 2/2 + 3/4 + 4/8 + ... ಅಂದರೆ n/2^n ಅಲ್ಲ, n/2^(n-1). ನಿಮ್ಮ ಶ್ರೇಢಿಯ ಪ್ರತಿ ಪದಕ್ಕಿಂತ ಇದು ಎರಡು ಪಟ್ಟು ದೊಡ್ಡದು, ಮೊತ್ತವೂ ಎರಡು ಪಟ್ಟು. ಕಳೆದುಹೋದ ಘಾತವನ್ನು ವಾಪಸ್ ತರಲು ಎರಡೂ ಕಡೆ x ನಿಂದ ಗುಣಿಸಿದರೆ ಸಾಕು:

x + 2x^2 + 3x^3 + ... = x/(1 - x)^2

ಈಗ x = 1/2 ಹಾಕಿ. ಮೇಲೆ 1/2, ಕೆಳಗೆ 1/4, ಉತ್ತರ 2.

ಈ ಜಾರುವಿಕೆ ತುಂಬಾ ಜನರಿಗೆ ಆಗುತ್ತದೆ, ನನಗೂ ಆಗಿದೆ. ಹಿಡಿಯೋಕೆ ಸುಲಭದ ದಾರಿ ಒಂದಿದೆ: ಸೂತ್ರದ ಎಡಗಡೆಯ ಮೊದಲ ಪದ ಮತ್ತು ನಿಮ್ಮ ಶ್ರೇಢಿಯ ಮೊದಲ ಪದ ಒಂದೇನಾ ಅಂತ ನೋಡಿ. ನಿಮ್ಮದು 1/2 ಇಂದ ಶುರು, ಅವಕಲನದಿಂದ ಬಂದದ್ದು 1 ರಿಂದ ಶುರು. ಇನ್ನೂ ಒಂದು ತಪ್ಪು ನೋಡಿದ್ದೇನೆ. ಕೆಲವರು ಮೊದಲೇ x = 1/2 ಹಾಕಿ ಆಮೇಲೆ ಅವಕಲನ ಮಾಡಲು ಹೋಗುತ್ತಾರೆ. ಆಗ ಎರಡೂ ಕಡೆ ಬರೀ ಸಂಖ್ಯೆಗಳು, ಅವಕಲನ ಮಾಡಿದರೆ 0 = 0 ಸಿಗುತ್ತದೆ ಅಷ್ಟೇ. x ಅನ್ನು ಕೊನೆಯವರೆಗೂ x ಆಗಿಯೇ ಇಟ್ಟುಕೊಳ್ಳಬೇಕು.

ಈಗ ಎರಡನೇ ಪ್ರಶ್ನೆ. ಇದು ಒಳ್ಳೆಯ ಅನುಮಾನ. ಎರಡು ಪದಗಳ ಮೊತ್ತವನ್ನು ಒಂದೊಂದಾಗಿ ಅವಕಲನ ಮಾಡಬಹುದು, ನೂರು ಪದಗಳನ್ನೂ ಮಾಡಬಹುದು. ಅನಂತ ಪದಗಳಿಗೆ ಅದು ತಾನಾಗಿ ಬರೋದಿಲ್ಲ, ಕೆಲವು ಶ್ರೇಢಿಗಳಲ್ಲಿ ಕೈಕೊಡುತ್ತದೆ ಕೂಡ. x ನ ಘಾತಗಳ ಶ್ರೇಢಿಗೆ ಅದು ಒಂದು ಸಂಖ್ಯೆಗೆ ಹೋಗಿ ನಿಲ್ಲುವ ವ್ಯಾಪ್ತಿಯ ಒಳಗೆ ಇದು ಸರಿ ಅಂತ ಪ್ರಮೇಯ ಇದೆ. ಆದರೆ ನಮ್ಮ ಶ್ರೇಢಿಗೆ ಆ ಪ್ರಮೇಯವನ್ನೂ ಕರೆಯಬೇಕಿಲ್ಲ. N ನೇ ಘಾತಕ್ಕೆ ನಿಲ್ಲಿಸಿದ ಮೊತ್ತ ನಮಗೆ ಗೊತ್ತಿದೆ:

1 + x + ... + x^N = (1 - x^(N+1))/(1 - x)

ಇದು ಎಣಿಸಬಹುದಾದಷ್ಟೇ ಪದಗಳ ಮೊತ್ತ, ಹಾಗಾಗಿ ಅವಕಲನ ಮಾಡೋಕೆ ಯಾರ ಅಪ್ಪಣೆಯೂ ಬೇಡ. ಮಾಡಿ, x ನಿಂದ ಗುಣಿಸಿ, x = 1/2 ಹಾಕಿ, ಸ್ವಲ್ಪ ಬೀಜಗಣಿತ ತಿದ್ದಿದರೆ ಇದು ಉಳಿಯುತ್ತದೆ:

1/2 + 2/4 + 3/8 + ... + N/2^N = 2 - (N + 2)/2^N

ಸರಿಯಿದೆಯಾ ಅಂತ ನೋಡಿ. N = 1 ಆದರೆ 2 - 3/2, ಅಂದರೆ 1/2. N = 3 ಆದರೆ 2 - 5/8 = 1.375, ಕೈಯಲ್ಲಿ ಕೂಡಿದರೂ 0.5 + 0.5 + 0.375 ಅಷ್ಟೇ. N = 10 ಕ್ಕೆ 2 ರಿಂದ 12/1024 ಮಾತ್ರ ಬಾಕಿ, ಸುಮಾರು 1.988. ಬಾಕಿಯಲ್ಲಿ ಮೇಲೆ N + 2 ನಿಧಾನವಾಗಿ ಬೆಳೆಯುತ್ತದೆ, ಕೆಳಗೆ 2^N ಪ್ರತಿ ಸಲ ದುಪ್ಪಟ್ಟಾಗುತ್ತದೆ, ಹಾಗಾಗಿ ಬಾಕಿ ಸೊನ್ನೆಗೆ ಹೋಗುತ್ತದೆ. ಅವಕಲನ ಸರಿಯೋ ತಪ್ಪೋ ಅನ್ನುವ ಪ್ರಶ್ನೆ ಕೊನೆಗೆ ಬಂದು ನಿಂತದ್ದು ಈ ಬಾಕಿಯ ಮೇಲೆ. -1 ಮತ್ತು 1 ರ ನಡುವಿನ ಬೇರೆ ಯಾವುದೇ x ಗೂ ಬಾಕಿಯಲ್ಲಿ N ಸಲ x^N ನಂಥದ್ದೇ ಬರುತ್ತದೆ, ಅದೂ ಸೊನ್ನೆಗೇ ಹೋಗುತ್ತದೆ.

ವ್ಯಾಪ್ತಿ ದಾಟಿದರೆ ಏನಾಗುತ್ತದೆ ಅಂತ ನೋಡೋಕೆ x = 2 ಹಾಕಿ ನೋಡಿ, ಮಜವಾಗಿದೆ. x/(1 - x)^2 ಸೂತ್ರ 2/1, ಅಂದರೆ ಮತ್ತೆ 2 ಅನ್ನುತ್ತದೆ. ಆದರೆ ಶ್ರೇಢಿ 2 + 8 + 24 + 64 + ... ಅಂತ ಮೇಲಕ್ಕೆ ಓಡುತ್ತಿದೆ. x ಜಾಗದಲ್ಲಿ 1/x ಹಾಕಿದರೂ ಈ ಸೂತ್ರದ ಬೆಲೆ ಬದಲಾಗೋದಿಲ್ಲ, ಅದಕ್ಕೇ 1/2 ಕ್ಕೂ 2 ಕ್ಕೂ ಅದೇ ಉತ್ತರ. ಸೂತ್ರಕ್ಕೆ ತನ್ನ ವ್ಯಾಪ್ತಿ ಗೊತ್ತಿರೋದಿಲ್ಲ. ಅದು ಯಾವ ಎಚ್ಚರಿಕೆಯನ್ನೂ ಕೊಡದೆ ಚೆಂದದ ಸಂಖ್ಯೆ ಕೊಟ್ಟುಬಿಡುತ್ತದೆ, ನೋಡಿಕೊಳ್ಳಬೇಕಾದವರು ನಾವು.

ಅಂದಹಾಗೆ, ಈ 2 ಕ್ಕೆ ಅವಕಲನ ಬೇಕೇ ಬೇಕು ಅಂತಿಲ್ಲ. 14 ನೇ ಶತಮಾನದಲ್ಲೇ, ಕಲನಶಾಸ್ತ್ರ ಹುಟ್ಟುವ ಎಷ್ಟೋ ಮೊದಲು, ಫ್ರಾನ್ಸಿನ ನಿಕೋಲ್ ಒರೆಸ್ಮ್ ಈ ಥರದ ಮೊತ್ತವನ್ನು ಚಿತ್ರ ಬರೆದು ಕಂಡುಕೊಂಡಿದ್ದ. ಅದನ್ನೇ ಸಂಖ್ಯೆಯಲ್ಲಿ ಹೇಳಿದರೆ ಹೀಗೆ. 3/8 ಅಂದರೆ ಮೂರು 1/8 ಗಳು, 4/16 ಅಂದರೆ ನಾಲ್ಕು 1/16 ಗಳು. ಎಲ್ಲದರಿಂದ ಒಂದೊಂದು ತೆಗೆದು ಕೂಡಿದರೆ 1/2 + 1/4 + 1/8 + ... = 1. ಉಳಿದದ್ದರಿಂದ ಇನ್ನೊಂದೊಂದು ತೆಗೆದರೆ ಅದು 1/4 ಇಂದ ಶುರುವಾಗುತ್ತದೆ, ಮೊತ್ತ 1/2. ಆಮೇಲೆ 1/4, ಆಮೇಲೆ 1/8. ಎಲ್ಲ ಸೇರಿ 2. ನಿಮ್ಮ ಉತ್ತರವನ್ನು ಬೇರೆ ದಾರಿಯಿಂದ ತಾಳೆ ನೋಡೋಕೆ ಇದು ಬಹಳ ಒಳ್ಳೆಯದು. ಆದರೆ n ಬದಲು n^2 ಬಂದರೆ ಈ ಜೋಡಿಸುವ ಕೆಲಸ ಗೋಜಲಾಗುತ್ತದೆ, ಅವಕಲನ ಮಾತ್ರ ಹಾಗೇ ನಡೆಯುತ್ತದೆ.

ಅಲ್ಲೂ ಒಂದು ಹಳ್ಳ ಇದೆ. n^2/2^n ಬೇಕು ಅಂತ 1/(1 - x) ಅನ್ನು ಸುಮ್ನೆ ಎರಡು ಸಲ ಅವಕಲನ ಮಾಡಿದರೆ ಸಿಗೋದು n^2 ಅಲ್ಲ, n(n - 1). ಯಾಕೆಂದರೆ ಎರಡನೇ ಸಲ ಇಳಿದು ಬರೋದು ಆಗಲೇ ಒಂದು ಕಡಿಮೆಯಾದ ಘಾತ. ಅವಕಲನ ಮಾಡಿ, x ನಿಂದ ಗುಣಿಸಿ, ಮತ್ತೆ ಅವಕಲನ ಮಾಡಿ, ಮತ್ತೆ ಗುಣಿಸಿ. ನಡುವಿನ ಆ ಗುಣಾಕಾರ ಘಾತವನ್ನು ಮತ್ತೆ n ಗೆ ಏರಿಸುತ್ತದೆ, ಮುಂದಿನ ಸಲವೂ n ಸರಿಯಾಗಿ ಇಳಿಯುತ್ತದೆ. ಆಗ x(1 + x)/(1 - x)^3 ಸಿಗುತ್ತದೆ, x = 1/2 ಕ್ಕೆ 6.

ಇನ್ನು n ಕೆಳಗಿರೋದು, 1/(n 2^n). ಅವಕಲನ n ಅನ್ನು ಮೇಲೆ ತಂದರೆ ಅನುಕಲನ ಅದನ್ನು ಕೆಳಗೆ ಹಾಕುತ್ತದೆ. x^n ಅನುಕಲನ ಮಾಡಿದರೆ x^(n+1)/(n+1), ಹಾಗಾಗಿ ಮೊದಲ ಶ್ರೇಢಿಯಿಂದ ನೇರವಾಗಿ

x + x^2/2 + x^3/3 + ... = -ln(1 - x)

ಬರುತ್ತದೆ. x = 1/2 ಹಾಕಿದರೆ -ln(1/2), ಅಂದರೆ ln 2, ಸುಮಾರು 0.693. ಮೊದಲ ಐದು ಪದಗಳನ್ನು ಕೂಡಿದರೆ 0.6885 ಆಗುತ್ತದೆ, ಸರಿಯಾದ ದಾರಿಯಲ್ಲೇ ಇದ್ದೇವೆ. ಇಲ್ಲಿ ಮರೆಯುವುದು ಅನುಕಲನದ ಸ್ಥಿರಾಂಕವನ್ನು. ಎರಡೂ ಕಡೆ x = 0 ಹಾಕಿದರೆ 0 = C ಬರುತ್ತದೆ, ಹಾಗಾಗಿ ಈ ಸಲ ಅದು ಸೊನ್ನೆ. ಪ್ರತಿ ಸಲವೂ ಸೊನ್ನೆ ಇರಬೇಕು ಅಂತೇನಿಲ್ಲ. 1/(1 - x)^2 ಅನ್ನು ಅನುಕಲನ ಮಾಡಿ 1/(1 - x) ಅಂತ ಬರೆದು ಬಿಟ್ಟಿರಿ ಅಂದುಕೊಳ್ಳಿ. ಎಡಗಡೆ x + x^2 + x^3 + ... ಇದೆ, x = 0 ಗೆ ಅದು 0, ಬಲಗಡೆ 1. ಅಲ್ಲಿ C = -1. ಈ ತಲೆನೋವೇ ಬೇಡ ಅಂದರೆ 0 ಯಿಂದ x ವರೆಗೆ ಮಿತಿ ಹಾಕಿ ಅನುಕಲನ ಮಾಡಿ, ಸ್ಥಿರಾಂಕ ಹುಟ್ಟೋದೇ ಇಲ್ಲ. ನಾನು ಯಾವಾಗಲೂ ಹಾಗೇ ಮಾಡೋದು.

ಅವಕಲನದಲ್ಲಿ ಗುಣಿಸಿದ ಹಾಗೆ ಇಲ್ಲಿ ಕೆಲವೊಮ್ಮೆ x ನಿಂದ ಭಾಗಿಸಬೇಕಾಗುತ್ತದೆ. 1 + 1/(2·2) + 1/(3·4) + 1/(4·8) + ... ಕೇಳಿದರೆ, ಇಲ್ಲಿ 2 ರ ಘಾತ n ಗಿಂತ ಒಂದು ಕಡಿಮೆ. ಹಾಗಾಗಿ -ln(1 - x) ಅನ್ನು x ನಿಂದ ಭಾಗಿಸಿ, 1/2 ಹಾಕಿ. 2 ln 2, ಸುಮಾರು 1.386.

ಕೆಳಗೆ n^2 ಇದ್ದರೆ? ಅದೇ ಕ್ರಮ ಮುಂದುವರಿಸಿ: -ln(1 - x) ಅನ್ನು x ನಿಂದ ಭಾಗಿಸಿ ಮತ್ತೆ ಅನುಕಲನ ಮಾಡಬೇಕು. ಇಲ್ಲಿ ಗಾಡಿ ನಿಂತುಬಿಡುತ್ತದೆ. ಅವಕಲನವನ್ನು ಎಷ್ಟು ಸಲ ಮಾಡಿದರೂ ಉತ್ತರ ಕೈಗೆ ಸಿಗುತ್ತದೆ, ಆದರೆ -ln(1 - x)/x ನ ಅನುಕಲನವನ್ನು ನಮಗೆ ಗೊತ್ತಿರುವ ಘಾತ, ಲಾಗ್, ಸೈನ್‌ಗಳಲ್ಲಿ ಬರೆಯೋಕೆ ಆಗೋದೇ ಇಲ್ಲ. ಅದಕ್ಕೆ ಡೈಲಾಗರಿದಮ್ ಅಂತ ಹೊಸ ಹೆಸರನ್ನೇ ಇಟ್ಟಿದ್ದಾರೆ. x = 1/2 ಮಾತ್ರ ಕೆಲವೇ ಅದೃಷ್ಟದ ಜಾಗಗಳಲ್ಲಿ ಒಂದು. ಅಲ್ಲಿ ಆಯ್ಲರ್ ಕಂಡುಹಿಡಿದ ಬೆಲೆ ಇದೆ:

1/2 + 1/(4·4) + 1/(9·8) + ... = π^2/12 - (ln 2)^2/2

ಸುಮಾರು 0.582. ಅದು ನಿಮ್ಮ ಈ ಉಪಾಯವೊಂದರಿಂದಲೇ ಬರೋದಿಲ್ಲ, ಅದಕ್ಕೆ x ಮತ್ತು 1 - x ಎರಡರ ಡೈಲಾಗರಿದಮ್‌ಗಳನ್ನು ಜೋಡಿಸುವ ಇನ್ನೊಂದು ಸೂತ್ರ ಬೇಕು. 1/2 ರಲ್ಲಿ ಆ ಎರಡೂ ಒಂದೇ ಆಗಿಬಿಡುವುದರಿಂದ ಅಲ್ಲಿ ಬೆಲೆ ಬಿಡಿಸಿಕೊಳ್ಳುತ್ತದೆ.