ಲೀಡ್ ಬರುತ್ತಿವೆ, ಗಿರಾಕಿ ಬರುತ್ತಿಲ್ಲ

ಗೂಗಲ್ ಆಡ್ಸ್‌ನ ಪರ್ಫಾರ್ಮೆನ್ಸ್ ಮ್ಯಾಕ್ಸ್ ಕ್ಯಾಂಪೇನ್‌ನಿಂದ ತಿಂಗಳಿಗೆ 200 ಫಾರ್ಮ್ ಬರುತ್ತಿವೆ. ಫೋನ್ ಮಾಡಿದರೆ ಹೆಚ್ಚಿನವರು ‘ನಾನು ಏನೂ ತುಂಬಿಲ್ಲ’ ಅನ್ನುತ್ತಾರೆ. ಆಡಿಯೆನ್ಸ್ ಸಿಗ್ನಲ್ ಬದಲಿಸಲೇ?

ಬೇಡ. ವಾರಕ್ಕೆ ಹತ್ತು ಜನ ಇದನ್ನೇ ಕೇಳುತ್ತೀರಿ, ಹತ್ತೂ ಜನ ತಪ್ಪು ಜಾಗದಲ್ಲಿ ಹುಡುಕುತ್ತಿದ್ದೀರಿ. ಆಡಿಯೆನ್ಸ್ ಸಿಗ್ನಲ್ ಬರೀ ಸುಳಿವು. ಯಂತ್ರ ಅದನ್ನು ದಾಟಿ ಹೋಗುತ್ತದೆ. ಅದು ಬೆನ್ನುಹತ್ತುವುದು ನೀವು ಪ್ರೈಮರಿ ಎಂದು ಗುರುತಿಸಿದ ಕನ್ವರ್ಷನ್ ಅನ್ನು. ಫಾರ್ಮ್ ತುಂಬಿದ್ದೇ ಗೆಲುವು ಎಂದು ನೀವು ಹೇಳಿಕೊಟ್ಟರೆ, ಅಗ್ಗವಾಗಿ ಫಾರ್ಮ್ ತುಂಬುವವರನ್ನೇ, ಬಾಟ್‌ಗಳನ್ನೂ ಸೇರಿಸಿ, ಅದು ಹುಡುಕಿ ತರುತ್ತದೆ.

ನಿಮ್ಮ 200ರಲ್ಲಿ 50 ಜನ ನಿಜವಾಗಿ ಮಾತಾಡಿದರು, 20 ಜನ ದರಪಟ್ಟಿ ಕೇಳಿದರು, 5 ಜನ ಕೊಂಡರು ಎಂದಿಟ್ಟುಕೊಳ್ಳಿ. ಕೊಂಡವರನ್ನೇ ಗುರಿ ಮಾಡುವ ಆಸೆ ಸಹಜ, ಆದರೆ ತಿಂಗಳಿಗೆ ಐದರಿಂದ ಯಂತ್ರ ಏನನ್ನೂ ಕಲಿಯಲಾರದು. ಮಾತಾಡಿದ 50 ಜನರ ಹಂತವೇ ಸರಿಯಾದದ್ದು: ಸಂಖ್ಯೆಯೂ ಸಾಕಷ್ಟಿದೆ, ಕ್ಲಿಕ್ ಆದ ಕೆಲವೇ ದಿನಗಳಲ್ಲಿ ಗೊತ್ತೂ ಆಗುತ್ತದೆ. ಒಂದು ಮಾರಾಟದಿಂದ 10,000 ಬರುವುದಾದರೆ, ಹತ್ತರಲ್ಲಿ ಒಬ್ಬರು ಕೊಳ್ಳುವುದರಿಂದ ಈ ಹಂತದ ಮೌಲ್ಯ 1,000.

ಯಾರು ನಿಜವಾಗಿ ಮಾತಾಡಿದರು ಎಂಬ ಸುದ್ದಿಯನ್ನು ಗೂಗಲ್‌ಗೆ ವಾಪಸ್ ಕಳಿಸಲು ಪ್ರತಿ ಲೀಡ್‌ನ ಜೊತೆ ಅದರ ಕ್ಲಿಕ್ ಗುರುತು ಉಳಿದಿರಬೇಕು. ಆಟೋ ಟ್ಯಾಗಿಂಗ್ ಆನ್ ಇದ್ದರೆ ಅದು ಲ್ಯಾಂಡಿಂಗ್ ಪೇಜ್ ವಿಳಾಸದಲ್ಲಿ `gclid=` ಎಂದು ಬರುತ್ತದೆ. ಎಡವುವುದು ಇಲ್ಲೇ. ಬಂದವರು ಎರಡನೇ ಪುಟಕ್ಕೆ ಹೋಗಿ ಫಾರ್ಮ್ ತುಂಬಿದರೆ ಆ ವಿಳಾಸದಲ್ಲಿ ಗುರುತು ಇರುವುದಿಲ್ಲ. ಹಾಗಾಗಿ ಮೊದಲ ಪುಟದಲ್ಲೇ ಅದನ್ನು ಕುಕಿಯಲ್ಲಿ ಇಟ್ಟುಕೊಂಡು, ಫಾರ್ಮ್‌ನ ಹಿಡನ್ ಫೀಲ್ಡ್‌ಗೆ ತುಂಬಿಸಿ. ಆ ಗುರುತಿನಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡಕ್ಕೂ ಬೆಲೆಯಿದೆ. ನಿಮ್ಮ ಸಿಆರ್‌ಎಂ ಎಲ್ಲವನ್ನೂ ಸಣ್ಣ ಅಕ್ಷರಕ್ಕೆ ಇಳಿಸಿದರೆ ಒಂದೂ ಹೊಂದುವುದಿಲ್ಲ. ಅಪ್‌ಲೋಡ್ ಮಾಡುವ ಫೈಲ್‌ನ ತಲೆ ಹೀಗಿರಲಿ:

```
Parameters:TimeZone=+0000
Google Click ID,Conversion Name,Conversion Time,Conversion Value
```

ಟೈಮ್‌ಝೋನ್‌ನಲ್ಲಿ ನಿಮ್ಮದನ್ನು ಹಾಕಿ. ಕನ್ವರ್ಷನ್ ಸಮಯ ಎಂದರೆ ಲೀಡ್ ಆ ಹಂತ ಮುಟ್ಟಿದ ಹೊತ್ತು, ಕ್ಲಿಕ್ ಆದ ಹೊತ್ತಲ್ಲ. 90 ದಿನಕ್ಕಿಂತ ಹಳೆಯ ಕ್ಲಿಕ್‌ಗಳನ್ನು ವ್ಯವಸ್ಥೆ ತೆಗೆದುಕೊಳ್ಳುವುದಿಲ್ಲ. ತಿಂಗಳಿಗೊಮ್ಮೆ ಗಂಟು ಕಟ್ಟಿ ಕಳಿಸಬೇಡಿ, ದಿನಾ ಕಳಿಸಿ.

ಹೊಸ ಕನ್ವರ್ಷನ್ ಅನ್ನು ಮೊದಲ ಎರಡು ಮೂರು ವಾರ ಸೆಕೆಂಡರಿಯಾಗಿಯೇ ಇಡಿ. ಖಾತೆಯಲ್ಲಿ ಕಾಣುವ ಸಂಖ್ಯೆ ನಿಮ್ಮ ಲೆಕ್ಕದ ಹತ್ತಿರ ಬಂದ ಮೇಲೆ ಅದನ್ನು ಪ್ರೈಮರಿ ಮಾಡಿ, ಫಾರ್ಮ್ ಅನ್ನು ಸೆಕೆಂಡರಿಗೆ ಇಳಿಸಿ. ಎರಡನ್ನೂ ಪ್ರೈಮರಿ ಇಟ್ಟರೆ ಒಬ್ಬನೇ ಮನುಷ್ಯ ಎರಡು ಸಲ ಲೆಕ್ಕಕ್ಕೆ ಬರುತ್ತಾನೆ. ಅದೇ ದಿನ ಟಾರ್ಗೆಟ್ ಸಿಪಿಎ ಕೂಡ ಬದಲಿಸಿ. ಫಾರ್ಮ್‌ಗೆ 100ರಂತೆ 200 ಫಾರ್ಮ್‌ಗೆ 20,000 ಖರ್ಚಾಗಿದ್ದರೆ, ಅದೇ ಹಣಕ್ಕೆ 50 ಒಳ್ಳೆಯ ಲೀಡ್, ಅಂದರೆ ತಲಾ 400. ಟಾರ್ಗೆಟ್ ಅನ್ನು 100ರಲ್ಲೇ ಬಿಟ್ಟರೆ ಕ್ಯಾಂಪೇನ್ ಖರ್ಚು ಮಾಡುವುದನ್ನೇ ನಿಲ್ಲಿಸುತ್ತದೆ. ಆಗ ‘ಇಂಪೋರ್ಟ್ ಮಾಡಿ ಹಾಳಾಯಿತು’ ಎಂದು ದೂರಬೇಡಿ.

ಏಜೆನ್ಸಿಯವರು ಪಿಕ್ಸೆಲ್ ‘ವಾರ್ಮಪ್’ ಮಾಡಿಕೊಡುತ್ತಾರಂತೆ, ಮಾಡಿಸಲೇ?

ಸುಳ್ಳು ಫಾರ್ಮ್‌ಗಳನ್ನು ತುಂಬಿಸಿ ಯಂತ್ರಕ್ಕೆ ಸುಳ್ಳನ್ನೇ ಕಲಿಸುವ ಮೋಸ ಅದು. ಆ ಏಜೆನ್ಸಿಯನ್ನು ಬಿಡಿ.

ಈಗಾಗಲೇ ಕೊಂಡವರಿಗೆ, ನಮ್ಮ ಹೆಸರನ್ನೇ ಹುಡುಕುವವರಿಗೆ ಜಾಹೀರಾತು ಕಾಣದಂತೆ ಮಾಡುವುದು ಹೇಗೆ?

ಇವು ಎರಡು ಬೇರೆ ಕೆಲಸ. ಕೊಂಡವರಿಗಾಗಿ ಗ್ರಾಹಕರ ಪಟ್ಟಿಯನ್ನು ಹಾಕಿ, ಗ್ರಾಹಕರನ್ನು ಗಳಿಸುವ ಗುರಿಯಲ್ಲಿ ‘ಹೊಸ ಗ್ರಾಹಕರಿಗೆ ಮಾತ್ರ’ ಆರಿಸಿ. ಆ ಪಟ್ಟಿಯನ್ನು ಆಡಿಯೆನ್ಸ್ ಸಿಗ್ನಲ್‌ನಲ್ಲಿ ಹಾಕಿದರೆ ಯಾರನ್ನೂ ಹೊರಗಿಟ್ಟಂತಾಗುವುದಿಲ್ಲ, ಅಂಥವರನ್ನೇ ಹುಡುಕು ಎಂದಂತಾಗುತ್ತದೆ. ಪಟ್ಟಿಯ ಎಲ್ಲ ಇಮೇಲ್‌ಗಳೂ ಖಾತೆಗಳಿಗೆ ಹೊಂದುವುದಿಲ್ಲವಾದ್ದರಿಂದ ಕೆಲವರು ನುಸುಳಿಯೇ ನುಸುಳುತ್ತಾರೆ. ಹೆಸರು ಹುಡುಕುವವರಿಗೆ ಬ್ರ್ಯಾಂಡ್ ಎಕ್ಸ್‌ಕ್ಲೂಷನ್ ಹಾಕಿ; ಅದು ಸರ್ಚ್ ಮತ್ತು ಶಾಪಿಂಗ್ ಜಾಗಗಳಿಗೆ ಮಾತ್ರ ಅನ್ವಯ. ಹಾಕಿದ ಮೇಲೆ ಸಿಪಿಎ ಏರಿದರೆ ಗಾಬರಿಯಾಗಬೇಡಿ. ಹೇಗಿದ್ದರೂ ಬರುತ್ತಿದ್ದವರನ್ನು ಕ್ಯಾಂಪೇನ್ ಇಷ್ಟು ದಿನ ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿತ್ತು.

ವಿಡಿಯೊ ಇಲ್ಲದಿದ್ದರೆ ನಡೆಯುತ್ತದೆಯೇ?

ನೀವು ಕೊಡದಿದ್ದರೆ ವ್ಯವಸ್ಥೆಯೇ ನಿಮ್ಮ ಚಿತ್ರಗಳನ್ನು ಜೋಡಿಸಿ ಒಂದನ್ನು ಮಾಡಿಬಿಡಬಹುದು, ಅದನ್ನು ನೋಡಿದರೆ ನೀವೇ ಬೇಡ ಅನ್ನುತ್ತೀರಿ. ಅಡ್ಡ, ಚೌಕ, ಉದ್ದ, ಮೂರು ಆಕಾರದಲ್ಲೂ ತಲಾ ಒಂದು ಹಾಕಿ, 10 ಸೆಕೆಂಡಿಗಿಂತ ಚಿಕ್ಕದು ಬೇಡ.