ಕರ್ಣನ ಶಕ್ತ್ಯಾಯುಧಕ್ಕಿದ್ದ ಎರಡನೇ ಷರತ್ತು

ಪ್ರಶ್ನೆ: ಇಂದ್ರ ಕೊಟ್ಟ ಶಕ್ತ್ಯಾಯುಧ ಗುರಿ ತಪ್ಪೋದೇ ಇಲ್ಲ ಅಂತಾರೆ. ಹಾಗಿದ್ದರೆ ಕರ್ಣ ಅದನ್ನು ಮೊದಲೇ ಅರ್ಜುನನ ಮೇಲೆ ಎಸೆದು ಯುದ್ಧ ಮುಗಿಸಬಹುದಿತ್ತಲ್ವಾ? ಹೋಗಿ ಹೋಗಿ ಘಟೋತ್ಕಚನ ಮೇಲೆ ಯಾಕೆ ಖರ್ಚು ಮಾಡಿದ? ಒಂದೇ ಸಲ ಬಳಸಬೇಕು ಅನ್ನೋದು ಬಿಟ್ಟು ಬೇರೆ ಷರತ್ತೂ ಇತ್ತಾ? (ಓದುಗರು, ಹಾಸನ)

ಉತ್ತರ: ಇತ್ತು. ಅದು ವ್ಯಾಸಭಾರತದ ವನಪರ್ವದಲ್ಲಿ ಸ್ಪಷ್ಟವಾಗಿಯೇ ಇದೆ. ಆದರೆ ಕಥೆ ಹೇಳುವಾಗ ನಾವು ಕವಚ ಕುಂಡಲ ಕೊಟ್ಟ ದಾನಶೂರನ ಹತ್ತಿರವೇ ನಿಂತುಬಿಡುತ್ತೇವೆ. ಆಮೇಲೆ ನಡೆದ ಮಾತುಕತೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಪಾಂಡವರ ವನವಾಸ ಮುಗಿಯುತ್ತಾ ಬಂದ ಕಾಲ. ಸೂರ್ಯ ಕರ್ಣನ ಕನಸಿನಲ್ಲಿ ಬಂದು, ಇಂದ್ರ ಬ್ರಾಹ್ಮಣನ ವೇಷದಲ್ಲಿ ಬರುತ್ತಾನೆ, ಕವಚ ಕುಂಡಲ ಕೊಡಬೇಡ ಎನ್ನುತ್ತಾನೆ. ಕರ್ಣ ಒಪ್ಪುವುದಿಲ್ಲ. ಕೊಡುವುದೇ ಆದರೆ ಬದಲಿಗೆ ಶಕ್ತಿಯನ್ನಾದರೂ ಕೇಳಿಕೋ ಎಂದು ಹೇಳಿಕೊಟ್ಟವನು ಸೂರ್ಯನೇ. ಕರ್ಣ ಹಾಗೇ ಮಾಡಿದ. ಇಂದ್ರನೂ ಒಪ್ಪಿದ, ಆದರೆ ಷರತ್ತು ಹಾಕಿ.

ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ. ಇಂದ್ರನ ಕೈಯಲ್ಲಿದ್ದಾಗ ಅದು ನೂರಾರು ವೈರಿಗಳನ್ನು ಕೊಂದು ಮತ್ತೆ ಅವನ ಕೈಗೇ ಬರುತ್ತಿತ್ತು. ಕರ್ಣನ ಕೈಯಿಂದ ಹೊರಟರೆ ಒಬ್ಬನನ್ನು ಕೊಂದು ಇಂದ್ರನ ಹತ್ತಿರ ವಾಪಸ್ಸು ಹೋಗುತ್ತದೆ. ನನಗೆ ಬೇಕಾಗಿರುವುದು ಒಬ್ಬನ ಸಾವು ಮಾತ್ರ ಎಂದ ಕರ್ಣ. ಆ ಒಬ್ಬನನ್ನು ಕೃಷ್ಣ ಕಾಯುತ್ತಿದ್ದಾನೆ ಎಂದು ಇಂದ್ರ ಅಲ್ಲಿಯೇ ಹೇಳಿಬಿಟ್ಟ. ಗುಟ್ಟೇನೂ ಇಟ್ಟುಕೊಳ್ಳಲಿಲ್ಲ.

ನೀವು ಕೇಳಿದ ಷರತ್ತು ಬರುವುದು ಇದರ ನಂತರ. ಬೇರೆ ಆಯುಧಗಳು ಕೈಯಲ್ಲಿರುವಾಗ, ಪ್ರಾಣಕ್ಕೆ ಸಂಚಕಾರ ಬಂದಿಲ್ಲದಿರುವಾಗ ಮೈಮರೆತು ಇದನ್ನು ಎಸೆದರೆ ಅದು ನಿನ್ನ ಮೇಲೆಯೇ ಬೀಳುತ್ತದೆ ಎಂದ ಇಂದ್ರ. ಕರ್ಣ ಒಪ್ಪಿಕೊಂಡ. ಪ್ರಾಣಸಂಕಟ ಬಂದಾಗ ಮಾತ್ರ ಬಿಡುತ್ತೇನೆ ಎಂದು ಮಾತು ಕೊಟ್ಟ.

ಈಗ ನಿಮ್ಮ 'ಮೊದಲೇ' ಎಂಬ ಮಾತಿಗೆ ಬರೋಣ. ಭೀಷ್ಮರು ಸೇನಾಪತಿಯಾಗಿದ್ದ 10 ದಿನ ಕರ್ಣ ರಣರಂಗಕ್ಕೇ ಇಳಿಯಲಿಲ್ಲ. ಭೀಷ್ಮರು ಅವನನ್ನು ಅರ್ಧರಥ ಎಂದು ಕರೆದದ್ದೇ ಜಗಳಕ್ಕೆ ಕಾರಣ. ಘಟೋತ್ಕಚ ಸತ್ತದ್ದು 14ನೇ ದಿನದ ರಾತ್ರಿ. ಅಂದರೆ ಕರ್ಣನಿಗೆ ಸಿಕ್ಕಿದ್ದೇ ನಾಲ್ಕು ದಿನ. ಅದರಲ್ಲೂ ಗೆಲ್ಲುತ್ತೇವೆ ಇಲ್ಲವೇ ಸಾಯುತ್ತೇವೆ ಎಂದು ಆಣೆಯಿಟ್ಟಿದ್ದ ಸಂಶಪ್ತಕರು ಅರ್ಜುನನನ್ನು ಯುದ್ಧಕ್ಕೆ ಕರೆದು ಬೇರೆ ಕಡೆ ಎಳೆದುಕೊಂಡು ಹೋಗಿದ್ದರು. ಇಬ್ಬರೂ ಎದುರಾದ ಹೊತ್ತಿನಲ್ಲಿ ಕರ್ಣನ ಬತ್ತಳಿಕೆಯಲ್ಲಿ ಬೇಕಾದಷ್ಟು ಅಸ್ತ್ರಗಳಿದ್ದವು. ಪ್ರಾಣ ಹೋಗುವ ಸ್ಥಿತಿಯೂ ಬಂದಿರಲಿಲ್ಲ. ಆಗ ಶಕ್ತಿಗೆ ಕೈ ಹಾಕಿದ್ದರೆ ಷರತ್ತು ಮುರಿದಂತಾಗುತ್ತಿತ್ತು.

ಆದರೆ ಇದೇ ಪೂರ್ತಿ ಉತ್ತರ ಅಂದರೆ ತಪ್ಪಾಗುತ್ತದೆ. ನಿಮ್ಮ ಪ್ರಶ್ನೆಯನ್ನು ದ್ರೋಣಪರ್ವದಲ್ಲಿ ಸಾತ್ಯಕಿ ಕೃಷ್ಣನಿಗೆ ಕೇಳುತ್ತಾನೆ, ಧೃತರಾಷ್ಟ್ರ ಸಂಜಯನಿಗೆ ಕೇಳುತ್ತಾನೆ. ಇಬ್ಬರಿಗೂ ಸಿಗುವ ಉತ್ತರದಲ್ಲಿ ಈ ಷರತ್ತಿನ ಸುದ್ದಿಯೇ ಇಲ್ಲ. ದುರ್ಯೋಧನ, ಶಕುನಿ, ದುಶ್ಶಾಸನರು ಕರ್ಣನ ಬೆನ್ನು ಬಿದ್ದಿದ್ದರಂತೆ, ನಾಳೆ ಅರ್ಜುನನ ಮೇಲೆ ಎಸೆ ಎಂದು. ಕರ್ಣ ಹೂಂ ಎನ್ನುತ್ತಿದ್ದ. ರಣಕ್ಕೆ ಬಂದ ಮೇಲೆ ಮರೆಯುತ್ತಿದ್ದ. ಅವನಿಗೆ ಮಂಕು ಕವಿಸುತ್ತಿದ್ದವನು ನಾನೇ ಎನ್ನುತ್ತಾನೆ ಕೃಷ್ಣ. ಆ ಶಕ್ತಿಯ ಯೋಚನೆಯಲ್ಲಿ ನನಗೆ ನಿದ್ದೆಯೂ ಇರಲಿಲ್ಲ, ನೆಮ್ಮದಿಯೂ ಇರಲಿಲ್ಲ ಎಂದೂ ಹೇಳುತ್ತಾನೆ.

ಹಾಗಾದರೆ ಷರತ್ತು ಲೆಕ್ಕಕ್ಕೇ ಇಲ್ವಾ? ಇದೆ, ಅದರ ಕೆಲಸ ನೋಡಬೇಕಾದ್ದು ಆ ರಾತ್ರಿಯ ಯುದ್ಧದಲ್ಲಿ. ಕರ್ಣ ಪಾಂಡವ ಸೇನೆಯನ್ನು ಹಣ್ಣುಗಾಯಿ ನೀರುಗಾಯಿ ಮಾಡುತ್ತಿದ್ದ. ಅರ್ಜುನ ಅವನ ಮೇಲೆ ಹೋಗಲು ಹೊರಟ. ನೀನು ಹೋಗುವ ಹೊತ್ತು ಇದಲ್ಲ, ಆ ಶಕ್ತಿಯನ್ನು ಅವನು ನಿನಗೆಂದೇ ಇಟ್ಟುಕೊಂಡಿದ್ದಾನೆ ಎಂದು ಕೃಷ್ಣ ತಡೆದ. ತಡೆದು ಘಟೋತ್ಕಚನನ್ನು ಕಳಿಸಿದ. ರಾತ್ರಿಯಲ್ಲಿ ರಾಕ್ಷಸರ ಬಲ ಹೆಚ್ಚು. ಘಟೋತ್ಕಚ ಕಣ್ಣಿಗೆ ಕಾಣದೆ ಆಕಾಶದಿಂದ ಆಯುಧಗಳ ಮಳೆ ಸುರಿಸಿದ. ಕರ್ಣನ ಬಾಣಗಳು ಆ ಮಾಯೆಯ ಮುಂದೆ ನಡೆಯಲಿಲ್ಲ. ಶತಘ್ನಿಯ ಏಟಿಗೆ ಅವನ ರಥದ ನಾಲ್ಕೂ ಕುದುರೆಗಳು ಸತ್ತವು. ಅವನು ರಥದಿಂದ ಇಳಿದು ನೆಲದ ಮೇಲೆ ನಿಂತ. ಸುತ್ತಲಿದ್ದ ಕೌರವರು ಕೂಗಿಕೊಂಡರು: ಈ ರಾಕ್ಷಸನನ್ನು ಮೊದಲು ಕೊಲ್ಲು, ಈ ರಾತ್ರಿ ದಾಟಿದರೆ ತಾನೇ ನಾವು ಅರ್ಜುನನ ಜೊತೆ ಕಾದುವುದು!

ಈ ಸ್ಥಿತಿಯನ್ನು ಇಂದ್ರನ ಮಾತಿನ ಪಕ್ಕ ಇಟ್ಟು ನೋಡಿ. ಬೇರೆ ಆಯುಧ ನಡೆಯುತ್ತಿಲ್ಲ, ಪ್ರಾಣಕ್ಕೇ ಅಪಾಯ ಬಂದಿದೆ. ಎರಡೂ ಕೂಡಿಬಂದಿವೆ, ಆದರೆ ಎದುರಿಗಿರುವವನು ಅರ್ಜುನನಲ್ಲ. ಕುಂತಿಗೆ ಕೊಟ್ಟ ಮಾತೂ ಇಲ್ಲಿ ಅಡ್ಡ ಬರುವುದಿಲ್ಲ. ಅರ್ಜುನನನ್ನು ಬಿಟ್ಟು ಉಳಿದ ನಾಲ್ವರು ಪಾಂಡವರನ್ನು ಕೊಲ್ಲುವುದಿಲ್ಲ ಎಂದಷ್ಟೇ ಅವನು ಹೇಳಿದ್ದ. ಆ ಮಾತಿಗಾಗಿಯೇ ಅದೇ ದಿನ ಹಗಲಿನಲ್ಲಿ ಭೀಮನನ್ನು ಬಿಲ್ಲಿನ ತುದಿಯಿಂದ ತಿವಿದು ಬಿಟ್ಟಿದ್ದ. ಭೀಮನ ಮಗನ ವಿಷಯದಲ್ಲಿ ಅಂಥ ಕಟ್ಟು ಇರಲಿಲ್ಲ. ಷರತ್ತನ್ನು ಮುರಿಯದೆಯೇ, ಅದು ತಾನಾಗಿ ಒದಗುವಂಥ ಸನ್ನಿವೇಶವನ್ನು ಬೇರೆಯವನ ಎದುರಿನಲ್ಲಿ ಕೂಡಿಸಿದ್ದು ಕೃಷ್ಣನ ತಂತ್ರ ಎಂದೇ ನಾನು ಓದುತ್ತೇನೆ.

ಕರ್ಣ ಎಸೆದ. ಅದು ಬಾಣವಲ್ಲ, ಕೈಯಿಂದ ಎಸೆಯುವ ಈಟಿಯಂಥ ಆಯುಧ. ವರ್ಷಗಟ್ಟಲೆ ಅರ್ಜುನನಿಗೆಂದೇ ಪೂಜಿಸಿ ಇಟ್ಟುಕೊಂಡಿದ್ದದ್ದು. ಅದು ಮಾಯೆಯನ್ನು ಸುಟ್ಟು, ಘಟೋತ್ಕಚನ ಎದೆ ಸೀಳಿ, ನಕ್ಷತ್ರಗಳ ಕಡೆಗೆ ಹೊರಟುಹೋಯಿತು. ಘಟೋತ್ಕಚ ಸಾಯುವಾಗಲೂ ಮೈ ಬೆಳೆಸಿಕೊಂಡು ಕೌರವ ಸೇನೆಯ ಮೇಲೆ ಬಿದ್ದ. ಪಾಂಡವರು ಅಳುತ್ತಿದ್ದರೆ ಕೃಷ್ಣ ಅರ್ಜುನನನ್ನು ತಬ್ಬಿಕೊಂಡು ಕುಣಿದ. ಅರ್ಜುನನಿಗೇ ಅದು ಸರಿ ಕಾಣಲಿಲ್ಲ, ಇದೇನಿದು ಎಂದು ಕೇಳಿದ. ಆ ಹುಡುಗನ ಸಾವು ಇವತ್ತಿಗೂ ಓದುವವರ ಹೊಟ್ಟೆ ಉರಿಸುತ್ತದೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ನಮ್ಮ ತಾಳಮದ್ದಳೆಗಳಲ್ಲಿ ಕೇಳುವ 'ತೊಟ್ಟ ಬಾಣವನ್ನು ಮತ್ತೆ ತೊಡುವುದಿಲ್ಲ' ಎಂಬ ಕಟ್ಟು ಶಕ್ತಿಗೆ ಸೇರಿದ್ದಲ್ಲ. ಅದು 17ನೇ ದಿನದ ಸರ್ಪಾಸ್ತ್ರದ ವಿಷಯ. ಕನ್ನಡದ ಕಥನದಲ್ಲಿ ಆ ಮಾತನ್ನು ಕುಂತಿ ಪಡೆಯುತ್ತಾಳೆ. ವ್ಯಾಸರಲ್ಲಾದರೋ ಬಾಣದಲ್ಲಿ ಸೇರಿಕೊಂಡಿದ್ದ ಸರ್ಪ ನನ್ನನ್ನು ಮತ್ತೆ ಬಿಡು ಎಂದಾಗ, ಇನ್ನೊಬ್ಬರ ಬಲದಿಂದ ಗೆಲ್ಲಲಾರೆ ಎಂದು ಕರ್ಣ ತಾನಾಗಿಯೇ ನಿರಾಕರಿಸುತ್ತಾನೆ.

ಇನ್ನೊಂದು ವಿಷಯ. ಕರ್ಣನ ಹತ್ತಿರ ಷರತ್ತಿಗೆ ಸಿಕ್ಕ ಬ್ರಹ್ಮಾಸ್ತ್ರವೂ ಇತ್ತು. ಬ್ರಾಹ್ಮಣ ಎಂದು ಸುಳ್ಳು ಹೇಳಿ ಪರಶುರಾಮರಿಂದ ಕಲಿತದ್ದು. ಸರಿಸಮನಾದವನ ಜೊತೆ ಕಾದುವಾಗ, ಸಾವು ಹತ್ತಿರ ಬಂದ ಹೊತ್ತಿನಲ್ಲಿ ಅದು ನಿನಗೆ ಹೊಳೆಯದೇ ಹೋಗಲಿ ಎಂಬುದು ಅವರ ಶಾಪ. ಅಂದರೆ ಶಕ್ತಿ ಒದಗುವುದು ಪ್ರಾಣಸಂಕಟದಲ್ಲಿ ಮಾತ್ರ, ಬ್ರಹ್ಮಾಸ್ತ್ರ ಕೈಕೊಡುವುದೂ ಅದೇ ಹೊತ್ತಿನಲ್ಲಿ. ಎರಡೂ ಜೊತೆಗಿದ್ದಷ್ಟು ದಿನ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತಿತ್ತು. 14ನೇ ರಾತ್ರಿ ಶಕ್ತಿ ಹೋಯಿತು. 17ನೇ ದಿನ ರಥದ ಗಾಲಿ ಹೂತು, ಎದುರಿಗೆ ಅರ್ಜುನ ನಿಂತಾಗ, ಇಂದ್ರ ಹೇಳಿದ ಸಮಯ ಕೊನೆಗೂ ಬಂದಿತ್ತು. ಆಗ ಕರ್ಣನ ಹತ್ತಿರ ಉಳಿದಿದ್ದದ್ದು ಆ ಸಮಯಕ್ಕೆ ಒದಗದ ಅಸ್ತ್ರ ಮಾತ್ರ.