ಮುಕ್ಕಾಲು ಇಂಚು, ಅರ್ಧ ಇಂಚು ಜಲ್ಲಿ ಎಷ್ಟೆಷ್ಟು?

"ಸುರತ್ಕಲ್‌ನಲ್ಲಿ ಸ್ಲ್ಯಾಬ್, 10 ಘನ ಮೀಟರ್. ಒಟ್ಟು ಜಲ್ಲಿ 11,500 ಕೆಜಿ, 20 ಮತ್ತು 12 ಎಂಎಂ 60:40. ಕ್ರಷರ್‌ನವರು ಅಡಿ ಲೆಕ್ಕ ಕೇಳ್ತಾರೆ, ಎಷ್ಟು ಹೇಳಲಿ?"

60:40 ತೂಕದ ಲೆಕ್ಕ ಮಾರಾಯ್ರೇ. 20 ಎಂಎಂ 6,900 ಕೆಜಿ, 12 ಎಂಎಂ 4,600 ಕೆಜಿ. ಒಂದು ಘನ ಅಡಿಯ ಪೆಟ್ಟಿಗೆಯಲ್ಲಿ ಎರಡನ್ನೂ ಬೇರೆಬೇರೆ ತುಂಬಿ ತೂಗಿ ನೋಡಿ. ಎರಡೂ 42 ಕೆಜಿ ಬಂದರೆ 164 ಅಡಿ ಮತ್ತು 110 ಅಡಿ. ಪೋಲಾಗುವುದಕ್ಕೆ ಸ್ವಲ್ಪ ಸೇರಿಸಿ.

"ಮಿಕ್ಸ್ ಮಾಡಿ 274 ಅಡಿ" ಅಂತ ಮಾತ್ರ ಹೇಳಬೇಡಿ. ಸಣ್ಣದು ದೊಡ್ಡದರ ಸಂದಿಗೆ ಇಳಿಯುತ್ತದೆ, ಹಾಗಾಗಿ ಅಷ್ಟೇ ತೂಕದ ಮಿಶ್ರಣ 274 ಅಡಿ ಆಗುವುದೇ ಇಲ್ಲ. ನಾನೊಮ್ಮೆ ಹಾಗೆ ತರಿಸಿದ್ದೆ. ಇಳಿಸುವಾಗ ದಪ್ಪದ್ದೆಲ್ಲ ರಾಶಿಯ ಬುಡಕ್ಕೆ ಉರುಳಿತು, ಅದನ್ನೇ ಮಿಕ್ಸರಿಗೆ ಹಾಕಿದ್ದರು. ಸೆಂಟ್ರಿಂಗ್ ಬಿಚ್ಚಿದಾಗ ಬೀಮಿನ ಅಡಿ ಜೇನುಗೂಡು! ಎರಡು ರಾಶಿ, ನಡುವೆ ಒಂದು ಹಲಗೆ.